ಗಡಿಯಾರ ತಿರುಗಿಸಿ, ಇನ್ಸುಲಿನ್ ಹೊತ್ತನ್ನಲ್ಲ

ಮಗಳ ಬಾಣಂತನಕ್ಕೆಂದು ಮಡಿಕೇರಿಯಿಂದ ನ್ಯೂಯಾರ್ಕಿಗೆ ಹೊರಡುವ ಅಮ್ಮಂದಿರು ‘ಅಲ್ಲಿ ರಾತ್ರಿಯಾದ ಮೇಲೆ ಇನ್ಸುಲಿನ್ ತಗೊಂಡರಾಯ್ತು’ ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ ಅಂತ ನನ್ನ ಅನಿಸಿಕೆ.

ದಿನಕ್ಕೊಮ್ಮೆ ತಗೊಳ್ಳುವ ಗ್ಲಾರ್ಜಿನ್ ಕೆಲಸ ಮಾಡೋದು ಸುಮಾರು 24 ಗಂಟೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ರಾತ್ರಿ 9 ಅಂದರೆ ಅಲ್ಲಿ ಬೆಳಿಗ್ಗೆ 11:30. ಅಲ್ಲಿನ ರಾತ್ರಿ 9ಕ್ಕೆ ಕಾದರೆ ಎರಡು ಡೋಸ್‌ಗಳ ನಡುವೆ ಮೂವತ್ಮೂರೂವರೆ ಗಂಟೆ, ಸಕ್ಕರೆ ಏರುತ್ತದೆ. ಡಾಕ್ಟರನ್ನು ಕೇಳಿಕೊಂಡು ಅಲ್ಲೂ 11:30ಕ್ಕೇ ಮುಂದುವರಿಸಬಹುದು. ದಿನವೂ ಒಂದೇ ಹೊತ್ತಾಗಬೇಕು, ರಾತ್ರಿಯೇ ಆಗಬೇಕಿಲ್ಲ. ಊಟದ ಇನ್ಸುಲಿನ್ ಮಾತ್ರ ಊಟವನ್ನೇ ಅನುಸರಿಸಲಿ.

ಬೆಂಗಳೂರಿಗೆ ಹೋಗುವ ದಾರಿಯಲ್ಲೇ 9 ಗಂಟೆ ಆದೀತು. ಪೆನ್ನು, ಸೂಜಿ ಡಿಕ್ಕಿಯ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ವಿಮಾನದಲ್ಲೂ ಅಷ್ಟೇ: ಲಗೇಜಿನಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ.

ನೀವೇನಂತೀರಿ?