‘ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಎಂಬ ಸುಳ್ಳು

ಊರ ಮಗ್ಗುಲಲ್ಲಿ ಕಲ್ಲು ಕ್ವಾರಿ ಬರುವಾಗ ಹಳ್ಳಿಯವರು ಓದಬಲ್ಲ ದಾಖಲೆ ಒಂದೇ: ಪರಿಸರ ಪರಿಣಾಮ ವರದಿಯ ಸಾರಾಂಶ. ಮೂಲ ವರದಿ ನೂರಾರು ಪುಟದ ಇಂಗ್ಲಿಷು. ಸಾರಾಂಶ ಜನರ ಭಾಷೆಯಲ್ಲೂ ಇರಬೇಕು ಎಂದು 2006ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಆ ಕೆಲವೇ ಪುಟಗಳನ್ನು ಬರೆಯುವವರು ಕ್ವಾರಿಯವನೇ ದುಡ್ಡು ಕೊಟ್ಟು ನೇಮಿಸಿಕೊಂಡ ಸಲಹೆಗಾರರು. ಅವರು ಬರೆಯುವುದೇನು? ‘ಧೂಳು ನಿಯಂತ್ರಣಕ್ಕೆ ನಿಯಮಿತವಾಗಿ ನೀರು ಸಿಂಪಡಿಸಲಾಗುವುದು. ನಿಯಂತ್ರಿತ ಸ್ಫೋಟ ನಡೆಸಲಾಗುವುದು. ಹಸಿರು ಪಟ್ಟಿ ಬೆಳೆಸಲಾಗುವುದು.’ ಯಾರು, ಎಷ್ಟು, ಯಾವಾಗ, ಯಾರ ನೀರು, ಒಂದು ಪ್ರಶ್ನೆಗೂ ಉತ್ತರವಿಲ್ಲ. ಕೋಲಾರಕ್ಕೆ ಬರೆದದ್ದು ಕೊಪ್ಪಳಕ್ಕೂ ಸಲ್ಲುತ್ತದೆ, ಊರಿನ ಹೆಸರು ಬದಲಾದರೆ ಸಾಕು. ಬೆಟ್ಟ ಒಡೆಯುವ ಕೆಲಸ ಶುರುವಾಗುವುದು ಜಿಲೆಟಿನ್‌ನಿಂದಲ್ಲ, ಈ ವಾಕ್ಯಗಳಿಂದ.

ಇದು ಬರೀ ಸಣ್ಣ ಕ್ವಾರಿ ಅಲ್ಲವೇ ಎನ್ನುವವರಿದ್ದಾರೆ. ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಒಂದು ಬೆಟ್ಟವನ್ನು ನಾಲ್ಕು ನಾಲ್ಕು ಎಕರೆಯಾಗಿ ಸೀಳಿ ಹಂಚಿಕೊಂಡರೆ ಪ್ರತಿಯೊಂದೂ ಸಣ್ಣದಾಗಿಯೇ ಕಾಣುತ್ತದೆ, ಹೋಗುವುದು ಮಾತ್ರ ಇಡೀ ಬೆಟ್ಟ. ಅದಕ್ಕೇ 500 ಮೀಟರಿನೊಳಗಿನ ಗುತ್ತಿಗೆಗಳನ್ನು ಒಂದು ಗುಂಪಾಗಿ ಲೆಕ್ಕ ಹಿಡಿಯಬೇಕು, ಗುಂಪು ಐದು ಹೆಕ್ಟೇರು ದಾಟಿದರೆ ಪೂರ್ಣ ಅಧ್ಯಯನವೂ ಜನರ ಅಹವಾಲು ಸಭೆಯೂ ಆಗಬೇಕು ಎಂಬ ನಿಯಮ ಬಂದದ್ದು. ಹಾಗಾಗಿ ಸಾರಾಂಶದ ಮೊದಲ ಪುಟದಲ್ಲೇ ಒಂದು ನಕ್ಷೆ ಇರಬೇಕು. ಪಕ್ಕದ ಕ್ವಾರಿಗಳು, ಮನೆಗಳು, ಶಾಲೆ, ಕೆರೆ, ಬೋರ್‌ವೆಲ್‌ಗಳು ಎಷ್ಟೆಷ್ಟು ದೂರದಲ್ಲಿವೆ ಎಂದು ಅದರಲ್ಲಿ ಕಾಣಬೇಕು. ಆ ನಕ್ಷೆ ಇಲ್ಲದ ಸಾರಾಂಶವನ್ನು ಅಲ್ಲೇ ಹಿಂದಕ್ಕೆ ಕೊಡಿ.

ಈಗ ಒಂದು ಲೆಕ್ಕ ಹಾಕೋಣ. ನಾಲ್ಕು ಎಕರೆಯ ಕ್ವಾರಿ, ವರ್ಷಕ್ಕೆ ಒಂದು ಲಕ್ಷ ಟನ್ ಕಲ್ಲು, 300 ದಿನ ಕೆಲಸ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 333 ಟನ್. ಟಿಪ್ಪರಿಗೆ 16 ಟನ್ನಿನಂತೆ 21 ಲೋಡು, ಹೋಗಿಬರುವುದು ಸೇರಿ 42 ಓಡಾಟ. ಹತ್ತು ಗಂಟೆಯ ಕೆಲಸದ ದಿನದಲ್ಲಿ ಹದಿನಾಲ್ಕು ನಿಮಿಷಕ್ಕೊಂದು ಟಿಪ್ಪರು ಊರೊಳಗೆ ಹಾಯುತ್ತದೆ. ‘ಸಾರಿಗೆಯಿಂದ ಅಲ್ಪ ಪರಿಣಾಮ’ ಎಂದು ಬರೆಯುವ ಕೈ ಈ ಒಂದು ವಾಕ್ಯವನ್ನು ಏಕೆ ಬರೆಯುವುದಿಲ್ಲ? ಶಾಲೆಗೆ ಹೋಗುವ ಮಗುವಿನ ತಾಯಿಗೆ ಬೇಕಾಗಿರುವುದು ಇದೇ ವಾಕ್ಯ.

ಆ ಟಿಪ್ಪರು ಓಡುವುದು ಎರಡು ಕಿಲೋಮೀಟರು ಮಣ್ಣುರಸ್ತೆಯಲ್ಲಿ, ಅಗಲ ಆರು ಮೀಟರು. ಅಂದರೆ 12,000 ಚದರ ಮೀಟರು. ಚದರ ಮೀಟರಿಗೆ ಅರ್ಧ ಲೀಟರು ಚಿಮುಕಿಸಿದರೂ ಒಂದು ಸುತ್ತಿಗೆ 6,000 ಲೀಟರು, ಒಂದು ಟ್ಯಾಂಕರು. ಬೇಸಗೆಯ ಬಿಸಿಲಿಗೆ ಅದು ಬೇಗ ಆರಿಹೋಗುತ್ತದೆ. ದಿನಕ್ಕೆ ನಾಲ್ಕು ಸುತ್ತು ಎಂದರೆ 24,000 ಲೀಟರು. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರು ಎನ್ನುತ್ತದೆ. ನಾನೂರಕ್ಕೂ ಹೆಚ್ಚು ಜನ ಕುಡಿದು ಬಳಸುವ ನೀರನ್ನು ರಸ್ತೆಗೆ ಸುರಿಯಬೇಕು! ಬೋರ್‌ವೆಲ್ ಬತ್ತಿದ ತಾಲ್ಲೂಕಿನಲ್ಲಿ ‘ನಿಯಮಿತವಾಗಿ ನೀರು ಸಿಂಪಡಿಸಲಾಗುವುದು’ ಎಂದರೆ ಒಂದೋ ಹಸಿ ಸುಳ್ಳು, ಇಲ್ಲವೇ ಊರಿನ ನೀರಿಗೆ ಕನ್ನ. ಪ್ರಾಮಾಣಿಕ ಸಾರಾಂಶ ಹೀಗೆ ಹೇಳುತ್ತದೆ: ಮೊದಲ ಲೋಡು ಹೊರಡುವ ಮುನ್ನ ಊರೊಳಗಿನ ರಸ್ತೆಗೆ ಕ್ವಾರಿಯ ಖರ್ಚಿನಲ್ಲೇ ಡಾಂಬರು, ಉಳಿದ ದಾರಿಗೆ ಕ್ವಾರಿ ಗುಂಡಿಯಲ್ಲಿ ನಿಂತ ಮಳೆನೀರು, ಅದು ಮುಗಿದರೆ ಲೋಡು ನಿಲ್ಲುತ್ತದೆ, ಟಾರ್ಪಾಲು ಕಟ್ಟದ ಟಿಪ್ಪರು ಗೇಟು ದಾಟುವುದಿಲ್ಲ. ಇವನ್ನು ಊರವರೇ ಕಣ್ಣಾರೆ ನೋಡಿ ಹೌದೋ ಅಲ್ಲವೋ ಎನ್ನಬಹುದು.

ಹಸಿರು ಪಟ್ಟಿಯ ಮಾತೂ ಹೀಗೆಯೇ. ಧೂಳು ಏಳುವುದು ಮೊದಲ ದಿನ, ಸಸಿ ಧೂಳು ತಡೆಯುವಷ್ಟು ಎತ್ತರವಾಗುವುದು ಹಲವು ವರ್ಷಗಳ ಮೇಲೆ. ನಡುವಿನ ವರ್ಷಗಳಲ್ಲಿ ಧೂಳು ಕೂರುವುದು ಪಕ್ಕದ ಹಿಪ್ಪುನೇರಳೆ ಎಲೆಯ ಮೇಲೆ. ಧೂಳು ಹಿಡಿದ ಸೊಪ್ಪನ್ನು ಹುಳು ಸರಿಯಾಗಿ ಮೇಯುವುದಿಲ್ಲ, ಗೂಡಿನ ತೂಕ ಇಳಿಯುತ್ತದೆ, ನಷ್ಟ ರೈತನ ತಲೆಗೆ. ‘ಸುತ್ತ ಒಣಭೂಮಿ ಇದೆ’ ಎಂದು ಬರೆದು ಮುಗಿಸುವವರು ಆ ತೋಟದ ಬದುವಿನ ಮೇಲೆ ಒಮ್ಮೆಯೂ ನಿಂತಿರುವುದಿಲ್ಲ. ಕುಳಿ ಕೊರೆಯುವಾಗಲೇ ನೀರು ಹಾಯಿಸಿ ಧೂಳನ್ನು ಹುಟ್ಟಿದಲ್ಲೇ ಅದುಮಬಹುದು. ಅದಕ್ಕೆ ಬೇಕಾಗುವ ನೀರು ರಸ್ತೆಗೆ ಸುರಿಯುವುದಕ್ಕಿಂತ ತೀರಾ ಕಡಿಮೆ, ಉಳಿಯುವುದು ಮೊದಲಿಗೆ ಕೊರೆಯುವ ಕೂಲಿಯವನ ಶ್ವಾಸಕೋಶ. ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇದೆ. ಅದು ತರುವ ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ. ಈ ಮಾತು ಕನ್ನಡ ಸಾರಾಂಶದಲ್ಲಿ ಎಷ್ಟು ಕಡೆ ಇದೆ, ಹುಡುಕಿ ನೋಡಿ.

ಇನ್ನು ಸಿಡಿತ. ಸ್ಫೋಟದ ಜಾಗದಿಂದ 500 ಮೀಟರು ಅಪಾಯದ ವಲಯ ಎನ್ನುತ್ತದೆ ಗಣಿ ಸುರಕ್ಷತೆಯ ನಿಯಮ. ಮೊದಲ ಮನೆ 420 ಮೀಟರಿನಲ್ಲಿದ್ದರೆ ಅದು ವಲಯದ ಒಳಗೇ ಇದೆ ಎಂದು ನೇರವಾಗಿ ಬರೆಯಬೇಕು. ಹೆಚ್ಚಿನವರು ‘ಕಂಪನ ಮಿತಿಯೊಳಗಿದೆ, ಜನರಿಗೆ ತೊಂದರೆ ಇಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮಿತಿ ಇರುವುದು ಗೋಡೆಗೆ. ಸಾಮಾನ್ಯ ಮನೆಗೆ, ಕಂಪನ ನಿಧಾನ ಗತಿಯದಾದರೆ, ಸೆಕೆಂಡಿಗೆ 5 ಮಿಲಿಮೀಟರು. ಅದಕ್ಕಿಂತ ಎಷ್ಟೋ ಕಡಿಮೆ ಕಂಪನಕ್ಕೇ ಮನುಷ್ಯನಿಗೆ ನೆಲ ಅದುರಿದ್ದು ಗೊತ್ತಾಗುತ್ತದೆ, ಪಾತ್ರೆ ಸದ್ದು ಮಾಡುತ್ತದೆ. ‘ನಿಮಗೆ ಅದುರು ಗೊತ್ತಾಗುತ್ತದೆ, ಗೋಡೆ ಬಿರಿಯಬಾರದು, ಬಿರಿದರೆ ಹೊಣೆ ನಮ್ಮದು’ ಎಂದು ಬರೆಯಲಿ. ಹೊಣೆ ಹೊರಲು ಸಾಕ್ಷಿ ಬೇಕು. ಮೊದಲ ಸಿಡಿತಕ್ಕೆ ಮುನ್ನ ವಲಯದ ಪ್ರತಿ ಮನೆಯ ಗೋಡೆಯ ವಿಡಿಯೊ ತೆಗೆದು ಒಂದು ಪ್ರತಿ ಮನೆಯವರ ಕೈಗೆ ಕೊಡಬೇಕು. ಇಲ್ಲವಾದರೆ ನಾಳೆ ಪ್ರತಿ ಬಿರುಕೂ ‘ಹಳೆಯದು’ ಆಗುತ್ತದೆ.

ಕಲ್ಲು ಹಾರುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಕುಳಿಯ ಬಾಯಿಯನ್ನು ಸಾಕಷ್ಟು ಉದ್ದಕ್ಕೆ ಗಟ್ಟಿಯಾಗಿ ತುಂಬದಿರುವುದು. ಬಾಯಿ ಗಟ್ಟಿಯಾಗಿ ತುಂಬಿದರೆ, ಮೇಲೆ ಬಲೆ ಹಾಸಿ ಮರಳು ಮೂಟೆ ಹೇರಿದರೆ, ಎಲ್ಲ ಕುಳಿಯನ್ನೂ ಒಟ್ಟಿಗೆ ಸಿಡಿಸದೆ ಕ್ಷಣದ ಅಂತರ ಕೊಟ್ಟರೆ ಕಲ್ಲೂ ಅದುರೂ ಎರಡೂ ತಗ್ಗುತ್ತವೆ. ‘ನಿಯಂತ್ರಿತ ಸ್ಫೋಟ’ ಎಂದರೆ ಇಷ್ಟೇ. ಇದಕ್ಕೆ ಸಮಯ ಬೇಕು, ಪರವಾನಗಿ ಇರುವ ಬ್ಲಾಸ್ಟರ್ ಬೇಕು, ಅವನಿಗೆ ಸಂಬಳ ಬೇಕು. ಕ್ವಾರಿಯವರು ದುಡ್ಡು ಉಳಿಸುವುದು ಇಲ್ಲಿಯೇ. ಉಳಿದ ಜಿಲೆಟಿನ್ ರಾತ್ರಿ ಎಲ್ಲಿರುತ್ತದೆ ಎಂದೂ ಸಾರಾಂಶ ಹೇಳಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಎರಡೂ ಕಡೆ ಕ್ವಾರಿಗೆಂದು ಬಂದ ಸ್ಫೋಟಕ ಸಿಡಿದು ಜನ ಛಿದ್ರವಾದರು. ಆಮೇಲೂ ಈ ಪ್ರಶ್ನೆಗೆ ಉತ್ತರ ಬರೆಯದವರನ್ನು ಬೇಜವಾಬ್ದಾರರು ಎಂದರೆ ಮಾತು ಸಾಲದು.

ಅಹವಾಲು ಸಭೆಗೆ ಕನಿಷ್ಠ 30 ದಿನದ ನೋಟಿಸು ಇರಬೇಕು. ಅಷ್ಟರೊಳಗೆ ಜಿಲ್ಲಾಧಿಕಾರಿ ಕಚೇರಿಯಲ್ಲೋ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲೋ ಸಾರಾಂಶ ಓದಿ. ಪ್ರತಿ ‘ಲಾಗುವುದು’ ಮುಂದೆ ಯಾರು, ಎಷ್ಟು, ಯಾವಾಗ, ಯಾರ ನೀರು ಎಂದು ಬರೆದು ಲಿಖಿತವಾಗಿ ಕೊಡಿ, ಸಭೆಯಲ್ಲಿ ಎದ್ದು ನಿಂತು ಕೇಳಿ. ಸಭೆ ಮುಗಿಯುವ ಮುನ್ನ ನಡಾವಳಿಯ ಸಾರವನ್ನು ಸೇರಿದವರಿಗೆಲ್ಲ ಅವರ ಭಾಷೆಯಲ್ಲಿ ಓದಿ ತಿಳಿಸಬೇಕೆಂದು ಅದೇ 2006ರ ಅಧಿಸೂಚನೆ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳದೆ, ನಿಮ್ಮ ಪ್ರಶ್ನೆ ಅದರಲ್ಲಿದೆ ಎಂದು ಖಾತ್ರಿಯಾಗದೆ, ಒಬ್ಬರೂ ಜಾಗ ಬಿಟ್ಟು ಏಳಬೇಡಿ.