ಫೋನು ನಮ್ಮದು, ಅಳಿಸುವ ಅಧಿಕಾರ ಯಾರದು?

ತೋಟದ ರೈಟರಾಗಲಿ, ಕಾಫಿ ಕ್ಯೂರಿಂಗ್ ಕಾರ್ಖಾನೆಯ ಗುಮಾಸ್ತರಾಗಲಿ, ಹಾಜರಿ-ತೂಕದ ಲೆಕ್ಕಕ್ಕೆ ಸ್ವಂತ ಫೋನು ಬಳಸುವವರು ಕರಾರಿನ ಒಂದು ಷರತ್ತನ್ನು ಓದಿಯೇ ರುಜು ಹಾಕಬೇಕು: ಫೋನು ಕಳೆದರೆ ಕಂಪನಿ ದೂರದಿಂದಲೇ ಅಳಿಸಬಹುದು. ಏನನ್ನು? ಜಗಳವಿರುವುದು ಅಲ್ಲಿಯೇ.

ಆಂಡ್ರಾಯ್ಡ್ ಫೋನಿನಲ್ಲಿ ಇದಕ್ಕೆ ಎರಡು ದಾರಿ. ಒಂದು ‘ವರ್ಕ್ ಪ್ರೊಫೈಲ್’. ಕಂಪನಿಯ ಆ್ಯಪುಗಳು ಬೇರೆ ಕೋಣೆಯಲ್ಲಿದ್ದಂತೆ ಇರುತ್ತವೆ. ಅವುಗಳ ಮೇಲೆ ಸಣ್ಣ ಬ್ರೀಫ್‌ಕೇಸಿನ ಗುರುತಿರುತ್ತದೆ. ಅಳಿಸಿದರೆ ಆ ಕೋಣೆ ಮಾತ್ರ ಖಾಲಿ. ಇನ್ನೊಂದರಲ್ಲಿ ಆ್ಯಪು Device admin ಅಧಿಕಾರ ಕೇಳುತ್ತದೆ. ಒಪ್ಪಿಗೆಯ ಪರದೆಯಲ್ಲಿ Erase all data ಎಂಬ ಸಾಲಿದ್ದರೆ ಇಡೀ ಫೋನೇ ಬರಿದಾಗಬಹುದು. ಮಕ್ಕಳ ಫೋಟೋ, ಮನೆಯ ಸಾಲದ ಲೆಕ್ಕ, ಯಾವುದೂ ಉಳಿಯದು.

ಕಳಸದ ಬಸ್ಸಿನಲ್ಲಿ ರೈಟರೊಬ್ಬರ ಫೋನು ಕಳೆಯಿತೆನ್ನಿ. ಕಂಪನಿ ಅಳಿಸುವ ಆಜ್ಞೆ ಕಳಿಸುತ್ತದೆ. ಆದರೆ ಫೋನಿಗೆ ಇಂಟರ್ನೆಟ್ ಸಿಗುವವರೆಗೂ ಅದು ತಲುಪದು. ಘಟ್ಟದಲ್ಲಿ ಸಿಗ್ನಲ್ ಇಲ್ಲ, ಆಮೇಲೆ ಬ್ಯಾಟರಿಯೂ ಮುಗಿಯಿತು. ಮೂರನೇ ದಿನ ಕಂಡಕ್ಟರು ಫೋನು ಮರಳಿಸುತ್ತಾರೆ. ಮನೆಯಲ್ಲಿ ಚಾರ್ಜು ಮಾಡಿ ತೆರೆದರೆ, ಕಾದಿದ್ದ ಆಜ್ಞೆ ಆಗ ಬಂದಿಳಿಯುತ್ತದೆ. ಕಳ್ಳನಿಗೆ ತಾಗದ ಪೆಟ್ಟು ಒಡೆಯನಿಗೇ!

ಕಂಪನಿ ತನ್ನ ಲೆಕ್ಕ ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೆ ಕರಾರಿನಲ್ಲಿ ‘ಫೋನು ಅಳಿಸಬಹುದು’ ಎಂದಿರಬಾರದು. ‘ವರ್ಕ್ ಪ್ರೊಫೈಲ್ ಮಾತ್ರ ಅಳಿಸತಕ್ಕದ್ದು’ ಎಂದಿರಬೇಕು. ಕಳೆದ ಸುದ್ದಿ ತಿಳಿಸಿದ್ದಕ್ಕೆ ಸಂಬಳ ಕಡಿಯಬಾರದು. ಕಡಿದರೆ ಯಾರೂ ಬೇಗ ತಿಳಿಸುವುದಿಲ್ಲ. ಇಷ್ಟಕ್ಕೆ ಮಾಲೀಕರು ಒಪ್ಪದಿದ್ದರೆ, ಕೆಲಸದ ಫೋನನ್ನು ಅವರೇ ಕೊಡಲಿ.