ಆಯವ್ಯಯದ ಕೌಟುಂಬಿಕ ಪರಿಣಾಮ ವಿಶ್ಲೇಷಣೆ

ಸರ್ಕಾರದ ಆಯವ್ಯಯದಲ್ಲಿ (ಬಜೆಟ್, ಮುಂಗಡಪತ್ರ) ಕೋಟಿಗಳ ಲೆಕ್ಕದಲ್ಲಿ ನಮೂದಾಗುವ ತೆರಿಗೆ ಮತ್ತು ವೆಚ್ಚದ ಮೊತ್ತಗಳನ್ನು ಒಂದು ಕುಟುಂಬದ ವಾರ್ಷಿಕ ಜಮಾಖರ್ಚಿಗೆ ಇಳಿಸಿ ನೋಡುವ ಕ್ರಮವನ್ನು ಆಯವ್ಯಯದ ಕೌಟುಂಬಿಕ ಪರಿಣಾಮ ವಿಶ್ಲೇಷಣೆ ಎನ್ನಬಹುದು. ಆಯವ್ಯಯ ಮಂಡನೆಯ ದಿನ ಪತ್ರಿಕೆಗಳಲ್ಲಿ ಪ್ರಕಟವಾಗುವ "ಯಾವುದು ಏರಿಕೆ, ಯಾವುದು ಇಳಿಕೆ" ಪಟ್ಟಿಗಳು ಇದರ ಸರಳ ರೂಪ. ಒಂದು ಘೋಷಣೆಯಿಂದ ನಿರ್ದಿಷ್ಟ ಕುಟುಂಬಕ್ಕೆ ಎಷ್ಟು ರೂಪಾಯಿ ಉಳಿಯಿತು ಎಂಬುದು ಆ ಪಟ್ಟಿಗಳಿಂದ ಮಾತ್ರ ತಿಳಿಯುವುದಿಲ್ಲ. ಆ ಕುಟುಂಬ ಹಿಂದಿನ ವರ್ಷ ಎಷ್ಟು ತೆರಿಗೆ ಕಟ್ಟಿತ್ತು, ಅದರ ವರಮಾನ ಎಷ್ಟು ಮಂದಿಯ ಹೆಸರಿನಲ್ಲಿ ಬರುತ್ತದೆ, ಹಣ ಯಾವಾಗ ಕೈಸೇರುತ್ತದೆ ಎಂಬ ವಿವರಗಳೂ ಬೇಕಾಗುತ್ತವೆ. 2025–26ನೆಯ ಸಾಲಿನ ಕೇಂದ್ರ ಆಯವ್ಯಯ ಮತ್ತು ಅದೇ ಸಾಲಿನ ಕರ್ನಾಟಕ ಆಯವ್ಯಯಗಳನ್ನು ಜೊತೆಗಿಟ್ಟು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

## 12 ಲಕ್ಷದ ಘೋಷಣೆ

2025ರ ಫೆಬ್ರವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಮಂಡಿಸಿದ ಆಯವ್ಯಯದಲ್ಲಿ ಹೆಚ್ಚು ಚರ್ಚೆಗೆ ಬಂದುದು, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ವರಮಾನಕ್ಕೆ ಆದಾಯ ತೆರಿಗೆ ಇಲ್ಲ ಎಂಬ ಘೋಷಣೆ. ಅದರೊಂದಿಗೆ ಪ್ರಕಟವಾದ ಕೋಷ್ಟಕದಲ್ಲಿ 4 ಲಕ್ಷದಿಂದ 8 ಲಕ್ಷದವರೆಗೆ ಶೇ. 5, 8 ಲಕ್ಷದಿಂದ 12 ಲಕ್ಷದವರೆಗೆ ಶೇ. 10 ಎಂಬ ದರಗಳೂ ಇದ್ದುದರಿಂದ ಓದುಗರಲ್ಲಿ ಗೊಂದಲ ಉಂಟಾಯಿತು. ವಾಸ್ತವದಲ್ಲಿ ಎರಡೂ ಸರಿ. ಕೋಷ್ಟಕದ ಪ್ರಕಾರ 12 ಲಕ್ಷಕ್ಕೆ 60,000 ರೂಪಾಯಿ ತೆರಿಗೆ ಬರುತ್ತದೆ. ವರಮಾನ 12 ಲಕ್ಷವನ್ನು ಮೀರದಿದ್ದರೆ ಅಷ್ಟೇ ಮೊತ್ತದ ರಿಯಾಯಿತಿಯನ್ನು ನೀಡಿ ಅದನ್ನು ಸೊನ್ನೆಗೆ ಇಳಿಸಲಾಗುತ್ತದೆ. ಸಂಬಳದಾರರಿಗೆ 75,000 ರೂಪಾಯಿಗಳ ಪ್ರಮಾಣಿತ ಕಡಿತವೂ ಇರುವುದರಿಂದ ಅವರ ಪಾಲಿಗೆ ಈ ಮಿತಿ 12.75 ಲಕ್ಷ.

ವರ್ಷಕ್ಕೆ 12.75 ಲಕ್ಷ ಸಂಬಳವಿರುವ ನೌಕರರೊಬ್ಬರ ಲೆಕ್ಕ ಹೀಗಿರುತ್ತದೆ. ಪ್ರಮಾಣಿತ ಕಡಿತದ ಬಳಿಕ ತೆರಿಗೆಗೆ ಒಳಪಡುವ ವರಮಾನ 12 ಲಕ್ಷ. ಹಿಂದಿನ ವರ್ಷದ ಹೊಸ ಪದ್ಧತಿಯ ದರಗಳಲ್ಲಿ ಇದಕ್ಕೆ 80,000 ರೂಪಾಯಿ ತೆರಿಗೆ, ಅದರ ಮೇಲೆ ಶೇ. 4ರ ಸೆಸ್ ಸೇರಿ 83,200 ರೂಪಾಯಿ ಆಗುತ್ತಿತ್ತು. ಹೊಸ ದರದಲ್ಲಿ ಅದು ಸೊನ್ನೆ. ತಿಂಗಳಿಗೆ ಸುಮಾರು 6,900 ರೂಪಾಯಿ ಹೆಚ್ಚಾಗಿ ಕೈಸೇರುತ್ತದೆ. 9.75 ಲಕ್ಷ ಸಂಬಳದವರ ಉಳಿತಾಯ 41,600 ರೂಪಾಯಿ. ಆದರೆ 7.75 ಲಕ್ಷ ಸಂಬಳದವರಿಗೆ ಹೊಸದಾಗಿ ಏನೂ ಉಳಿಯಲಿಲ್ಲ, ಏಕೆಂದರೆ ಹಿಂದಿನ ವರ್ಷದ ರಿಯಾಯಿತಿಯಿಂದಲೇ ಅವರ ತೆರಿಗೆ ಸೊನ್ನೆಯಾಗಿತ್ತು. ತೆರಿಗೆ ಇಲ್ಲದಿರುವುದು ಮತ್ತು ತೆರಿಗೆ ಕಡಿಮೆಯಾಗುವುದು ಒಂದೇ ಅಲ್ಲ ಎಂಬುದನ್ನು ಈ ಮೂರನೆಯ ಉದಾಹರಣೆ ತೋರಿಸುತ್ತದೆ.

ಮಿತಿಯನ್ನು ಸ್ವಲ್ಪವೇ ಮೀರಿದವರ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ತೆರಿಗೆಗೆ ಒಳಪಡುವ ವರಮಾನ 12.10 ಲಕ್ಷವಾದರೆ ರಿಯಾಯಿತಿ ತಪ್ಪಿ 61,500 ರೂಪಾಯಿ ಕಟ್ಟಬೇಕಾಗುತ್ತದೆ, ಆದ್ದರಿಂದ ಸಂಬಳ ಹೆಚ್ಚಾಗದಿರುವುದೇ ಮೇಲು ಎಂಬ ಮಾತು ಕೇಳಿಬರುತ್ತದೆ. ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ. 12 ಲಕ್ಷದ ಮೇಲೆ ಗಳಿಸಿದ ಹೆಚ್ಚುವರಿ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಎಂಬ ನಿಯಮವಿರುವುದರಿಂದ ಇಲ್ಲಿ ತೆರಿಗೆ 10,000 ರೂಪಾಯಿ, ಸೆಸ್ ಸೇರಿ 10,400. ಈ ರಕ್ಷಣೆ ಸುಮಾರು 12.70 ಲಕ್ಷದವರೆಗೆ ಅನ್ವಯಿಸುತ್ತದೆ. ಇನ್ನೊಂದು ಕಡೆ, ಷೇರುಗಳ ಅಲ್ಪಾವಧಿ ಲಾಭದಂತಹ ವಿಶೇಷ ದರದ ವರಮಾನಕ್ಕೆ ಈ ರಿಯಾಯಿತಿ ದೊರೆಯುವುದಿಲ್ಲ. ಪ್ರಮಾಣಿತ ಕಡಿತದ ಬಳಿಕ 8 ಲಕ್ಷ ಪಿಂಚಣಿಯೂ 1 ಲಕ್ಷ ರೂಪಾಯಿ ಷೇರು ಲಾಭವೂ ಇರುವ ನಿವೃತ್ತರ ಒಟ್ಟು ವರಮಾನ 12 ಲಕ್ಷಕ್ಕಿಂತ ಬಹಳ ಕೆಳಗಿದ್ದರೂ, ಆ ಲಾಭದ ಮೇಲೆ ಶೇ. 20ರಂತೆ ಸೆಸ್ ಸೇರಿ 20,800 ರೂಪಾಯಿ ಕಟ್ಟಬೇಕು.

## ಹೋಲಿಕೆಯ ಆಧಾರ

ಉಳಿತಾಯವನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬುದೇ ಈ ವಿಶ್ಲೇಷಣೆಯ ಕಠಿಣ ಭಾಗ. ಮೇಲಿನ 83,200 ರೂಪಾಯಿ, ಹಿಂದಿನ ವರ್ಷವೂ ಹೊಸ ಪದ್ಧತಿಯಲ್ಲಿದ್ದವರ ಲೆಕ್ಕ. ಅದೇ ಸಂಬಳದ ಇನ್ನೊಬ್ಬರು ಹಳೆಯ ಪದ್ಧತಿಯಲ್ಲಿದ್ದು ಗೃಹಸಾಲದ ಬಡ್ಡಿ, ಭವಿಷ್ಯ ನಿಧಿ, ಆರೋಗ್ಯ ವಿಮೆ, ಪಿಂಚಣಿ ಯೋಜನೆ ಮೊದಲಾದವುಗಳ ಕಡಿತದಿಂದ ತಮ್ಮ ವರಮಾನವನ್ನು 8 ಲಕ್ಷಕ್ಕೆ ಇಳಿಸಿಕೊಂಡಿದ್ದರೆ, ಅವರು ಕಟ್ಟಿದ್ದು 75,400 ರೂಪಾಯಿ. ಹೊಸ ಪದ್ಧತಿಗೆ ಬಂದರೆ ಅವರ ನಿಜವಾದ ಉಳಿತಾಯ ಅಷ್ಟೇ. ಕಡಿತಗಳು ಇನ್ನೂ ಹೆಚ್ಚಾಗಿದ್ದವರಿಗೆ ಉಳಿತಾಯ ಇನ್ನೂ ಕಡಿಮೆ.

ಭಾರತದಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆಯನ್ನು ವ್ಯಕ್ತಿಗೆ ವಿಧಿಸಲಾಗುತ್ತದೆ, ಕುಟುಂಬಕ್ಕಲ್ಲ. ಪತಿ ಪತ್ನಿ ಇಬ್ಬರೂ ತಲಾ 12.75 ಲಕ್ಷ ಸಂಬಳ ಪಡೆಯುವ ಮನೆಯಲ್ಲಿ ಒಟ್ಟು 25.50 ಲಕ್ಷ ಬಂದರೂ ತೆರಿಗೆ ಇಲ್ಲ. ಒಬ್ಬರೇ ದುಡಿದು ಅದೇ 25.50 ಲಕ್ಷ ತರುವ ಮನೆ 3,35,400 ರೂಪಾಯಿ ಕಟ್ಟುತ್ತದೆ. ಮನೆಯ ಒಟ್ಟು ವರಮಾನ ಒಂದೇ ಆಗಿದ್ದರೂ ಈ ಅಂತರ ಉಂಟಾಗುವುದರಿಂದ, ಸಂಬಳದ ಒಂದೇ ಸಾಲನ್ನು ನೋಡಿ "ಮಧ್ಯಮ ವರ್ಗದ ಕುಟುಂಬಕ್ಕೆ ಇಷ್ಟು ಲಾಭ" ಎಂದು ಹೇಳುವ ಲೆಕ್ಕಗಳು ನಂಬಲರ್ಹವಲ್ಲ.

## ಆದಾಯ ತೆರಿಗೆ ಕಟ್ಟದ ಕುಟುಂಬಗಳು

ದೇಶದ ಬಹುಪಾಲು ಕುಟುಂಬಗಳು ಆದಾಯ ತೆರಿಗೆಯ ವ್ಯಾಪ್ತಿಯಲ್ಲೇ ಇಲ್ಲ. ಅವು ತೆರಿಗೆ ಕಟ್ಟುವುದು ಸಾಬೂನು, ಚಪ್ಪಲಿ, ಪೆಟ್ರೋಲು ಮುಂತಾದ ವಸ್ತುಗಳ ಬೆಲೆಯ ಮೂಲಕ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಜಾರಿಯಾದ ಬಳಿಕ ಇಂತಹ ಹೆಚ್ಚಿನ ವಸ್ತುಗಳ ದರವನ್ನು ಆಯವ್ಯಯ ಭಾಷಣ ನಿರ್ಧರಿಸುವುದಿಲ್ಲ. ಕೇಂದ್ರ ಮತ್ತು ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿಯ ಶಿಫಾರಸಿನಂತೆ ಅದು ಬದಲಾಗುತ್ತದೆ. ಆಯವ್ಯಯದ ದಿನ ಮಾತ್ರ ಲೆಕ್ಕ ಹಾಕುವವರಿಗೆ ಈ ಭಾಗ ಕಾಣಿಸುವುದೇ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್ ಮೊದಲಾದವುಗಳ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಇಳಿಕೆ ಶೇ. 13 ಎಂದು ತೋರಿದರೂ ಗ್ರಾಹಕರು ಕೊಡುವ ಬೆಲೆಯಲ್ಲಿ ಅಷ್ಟು ಕಡಿಮೆಯಾಗುವುದಿಲ್ಲ. ತೆರಿಗೆ ಸೇರಿ 118 ರೂಪಾಯಿಯ ವಸ್ತು 105ಕ್ಕೆ ಬರುತ್ತದೆ, ಅಂದರೆ ಶೇ. 11ರಷ್ಟು ಇಳಿಕೆ. ತಿಂಗಳಿಗೆ 500 ರೂಪಾಯಿಯ ಇಂತಹ ಸಾಮಾನು ಕೊಳ್ಳುವ ಮನೆಗೆ, ಅಂಗಡಿಯಲ್ಲಿ ಬೆಲೆ ಪೂರ್ಣವಾಗಿ ಇಳಿದರೆ, ವರ್ಷಕ್ಕೆ ಸುಮಾರು 660 ರೂಪಾಯಿ ಉಳಿಯುತ್ತದೆ. ತಯಾರಕರು ಬೆಲೆಯನ್ನು ಹಾಗೆಯೇ ಇಟ್ಟು ಪೊಟ್ಟಣದ ತೂಕ ಹೆಚ್ಚಿಸಿದರೆ ಲಾಭ ನಗದಿನ ರೂಪದಲ್ಲಿ ಬರುವುದಿಲ್ಲ.

## ರಾಜ್ಯದ ಪಾಲು

ಆದಾಯ ತೆರಿಗೆ ಇಳಿಕೆಯಿಂದ ಸುಮಾರು 1 ಲಕ್ಷ ಕೋಟಿ ರೂಪಾಯಿ ನೇರ ತೆರಿಗೆಯನ್ನು ಬಿಟ್ಟುಕೊಡಲಾಗುತ್ತದೆ ಎಂದು ಆಯವ್ಯಯ ಭಾಷಣದಲ್ಲಿ ತಿಳಿಸಲಾಯಿತು. ಈ ಮೊತ್ತ ಪೂರ್ಣವಾಗಿ ಕೇಂದ್ರದ ಬೊಕ್ಕಸದ್ದಲ್ಲ. 2025–26ನೆಯ ಸಾಲಿನಲ್ಲಿ 15ನೆಯ ಹಣಕಾಸು ಆಯೋಗದ ಪ್ರಕಾರ ಸೆಸ್ ಹೊರತಾದ ತೆರಿಗೆಯಲ್ಲಿ ಶೇ. 41 ರಾಜ್ಯಗಳಿಗೆ ಹೋಗುತ್ತಿತ್ತು, ಅದರಲ್ಲಿ ಕರ್ನಾಟಕದ ಪಾಲು ಶೇ. 3.647 ಆಗಿತ್ತು. ಈ ಸೂತ್ರವನ್ನು ನೇರವಾಗಿ ಅನ್ವಯಿಸಿದರೆ ಕರ್ನಾಟಕಕ್ಕೆ ಬರಬಹುದಾಗಿದ್ದ ಸುಮಾರು 1,500 ಕೋಟಿ ರೂಪಾಯಿಯೂ ಈ ರಿಯಾಯಿತಿಯಲ್ಲಿ ಸೇರಿದೆ. ತೆರಿಗೆ ಉಳಿಸಿದ ಕುಟುಂಬ ಆ ಹಣದ ಒಂದು ಭಾಗವನ್ನು ಜಿಎಸ್‌ಟಿ ಇರುವ ವಸ್ತುಗಳಿಗೆ ಖರ್ಚು ಮಾಡುವುದರಿಂದ ಸ್ವಲ್ಪ ಮರಳಿ ಬರುತ್ತದೆ, ಪೂರ್ತಿ ಬರುವುದಿಲ್ಲ.

## ಗೃಹಲಕ್ಷ್ಮಿಯ ಲೆಕ್ಕ

ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು 2025ರ ಮಾರ್ಚ್ 7ರಂದು ಮಂಡಿಸಿದ ಕರ್ನಾಟಕದ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಗೃಹಲಕ್ಷ್ಮಿ ಯೋಜನೆಗೆ 28,608 ಕೋಟಿ ಒದಗಿಸಲಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಅಂದರೆ ವರ್ಷಕ್ಕೆ 24,000. ಮೊದಲ ಮೊತ್ತವನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1 ಕೋಟಿ 19 ಲಕ್ಷ ಮನೆಗಳು ಎಂದು ಬರುತ್ತದೆ. ಹನ್ನೆರಡೂ ಕಂತುಗಳಿಗೆ ಈ ಅನುದಾನ ಎಷ್ಟು ಮನೆಗಳವರೆಗೆ ಸಾಕು ಎಂಬುದನ್ನು ಈ ಭಾಗಾಕಾರ ಹೇಳುತ್ತದೆ. ಫಲಾನುಭವಿಗಳ ಸಂಖ್ಯೆ ಅದಕ್ಕಿಂತ ಹೆಚ್ಚಾದರೆ ಹೆಚ್ಚುವರಿ ಹಣ ಬೇಕು, ಇಲ್ಲವೇ ಯಾವುದೋ ಕಂತು ಮುಂದಿನ ವರ್ಷಕ್ಕೆ ಜಾರುತ್ತದೆ. ಯಾವ ಯೋಜನೆಯ ಘೋಷಣೆಯನ್ನಾದರೂ ಪರೀಕ್ಷಿಸಲು ಇಷ್ಟು ಗಣಿತ ಸಾಕಾಗುತ್ತದೆ.

ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಈ ಯೋಜನೆಗೆ ಅರ್ಹತೆ ಇಲ್ಲ. ಹೀಗಾಗಿ ಕೇಂದ್ರದ ರಿಯಾಯಿತಿ ಮತ್ತು ರಾಜ್ಯದ ನೆರವು ಬಹುಮಟ್ಟಿಗೆ ಬೇರೆ ಬೇರೆ ಮನೆಗಳನ್ನು ತಲುಪುತ್ತವೆ. ವರ್ಷಕ್ಕೆ 2 ಲಕ್ಷ ದುಡಿಯುವ ಮನೆಗೆ 24,000 ರೂಪಾಯಿ ಎಂದರೆ ವರಮಾನದ ಶೇ. 12. ಹಿಂದೆ ಲೆಕ್ಕ ಹಾಕಿದ 83,200 ರೂಪಾಯಿ, 12.75 ಲಕ್ಷದ ಶೇ. 6.5. ರೂಪಾಯಿಗಳಲ್ಲಿ ಎರಡನೆಯದು ಮೊದಲನೆಯದರ ಸುಮಾರು ಮೂರೂವರೆ ಪಟ್ಟು. ಮನೆಯ ಬದುಕಿನ ಪ್ರಮಾಣದಲ್ಲಿ ಮೊದಲನೆಯದೇ ದೊಡ್ಡದು.

ಗ್ಯಾರಂಟಿಯ ಮೂಲಕ ಕೊಟ್ಟದ್ದನ್ನು ಬೆಲೆಯೇರಿಕೆಯ ಮೂಲಕ ಕಸಿಯಲಾಗುತ್ತಿದೆ ಎಂಬ ಟೀಕೆಯನ್ನೂ ಹೀಗೆಯೇ ಅಳೆಯಬಹುದು. ಮಾರಾಟ ತೆರಿಗೆ ಹೆಚ್ಚಳದಿಂದ 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ ಏರಿತು. ತಿಂಗಳಿಗೆ 15 ಲೀಟರ್ ಹಾಕಿಸುವ ದ್ವಿಚಕ್ರ ವಾಹನದ ಮನೆಗೆ ಇದು ವರ್ಷಕ್ಕೆ 540 ರೂಪಾಯಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೊಂದು ಲೀಟರ್ ಕೊಳ್ಳುವವರಿಗೆ ವರ್ಷಕ್ಕೆ 1,460 ರೂಪಾಯಿ ಹೆಚ್ಚು ಖರ್ಚು. ಇವೆರಡೂ ಆಯವ್ಯಯದ ಹೊರಗೆ ಆದ ಏರಿಕೆಗಳು. ಎರಡೂ ಸೇರಿ 2,000 ರೂಪಾಯಿ, ಅಂದರೆ ಗೃಹಲಕ್ಷ್ಮಿಯ ಒಂದು ಕಂತು. ಟೀಕೆಯಲ್ಲಿ ಹುರುಳಿಲ್ಲದಿಲ್ಲ, ಆದರೆ ಈ ಎರಡು ಬಾಬತ್ತುಗಳ ಮಟ್ಟಿಗೆ ಅದು ಅತಿಶಯೋಕ್ತಿ. ಏರಿಕೆ ನಿಜವಾಗಿ ತಾಗುವುದು ಯಾವ ಕಂತೂ ಬಾರದ, ಆದಾಯ ತೆರಿಗೆ ರಿಯಾಯಿತಿಯೂ ಹೊಸದಾಗಿ ದೊರೆಯದ ಮನೆಗಳಿಗೆ. ಹಾಲಿನ ದರವಂತೂ ತೆರಿಗೆಯೇ ಅಲ್ಲ. ಡೇರಿಗೆ ಹಾಲು ಹಾಕುವ ಮನೆಗೆ ಅದೇ ಏರಿಕೆ ವರಮಾನವಾಗಬಹುದು.

## ಅಂದಾಜು ಮತ್ತು ಲೆಕ್ಕ

ಮಂಡನೆಯ ದಿನ ಪ್ರಕಟವಾಗುವ ಮೊತ್ತಗಳು ಆಯವ್ಯಯ ಅಂದಾಜುಗಳು ಮಾತ್ರ. ಮರುವರ್ಷದ ಆಯವ್ಯಯದಲ್ಲಿ ಅದೇ ಬಾಬತ್ತಿನ ಪರಿಷ್ಕೃತ ಅಂದಾಜು, ಅದರ ಮುಂದಿನ ವರ್ಷ ನಿಜವಾದ ಲೆಕ್ಕ ಪ್ರಕಟವಾಗುತ್ತವೆ. ಒಂದು ಯೋಜನೆಯ ಹಣ ಮನೆಗಳಿಗೆ ತಲುಪಿತೇ ಎಂದು ತಿಳಿಯಬಯಸುವವರು ಈ ಮೂರನೆಯ ಅಂಕಣವನ್ನು ನೋಡಬೇಕು. ಭಾಷಣದ ಮೊತ್ತಕ್ಕಿಂತ ಅದು ಗಣನೀಯವಾಗಿ ಕಡಿಮೆಯಿದ್ದರೆ ಕಂತುಗಳು ತಡವಾಗಿರಬಹುದು, ಅರ್ಹರ ಪಟ್ಟಿ ಕುಗ್ಗಿರಬಹುದು, ಅಥವಾ ಹಣ ಬೇರೆ ಕಡೆಗೆ ತಿರುಗಿರಬಹುದು. ಕಾರಣ ಯಾವುದೆಂಬುದನ್ನು ಇಲಾಖೆಯ ಫಲಾನುಭವಿಗಳ ಸಂಖ್ಯೆಯನ್ನು ಜೊತೆಗಿಟ್ಟು ನೋಡಿದರೆ ಬಹುತೇಕ ಪತ್ತೆ ಹಚ್ಚಬಹುದು.